ಸಂಜೆ ನಾಲ್ಕರಿಂದ ಆರು

ಮದುವೆ ಸಂಬಂಧ ಹುಡುಕೋ ವೆಬ್‌ಸೈಟಿನಲ್ಲಿ ‘ನಿಮ್ಮ ಬಗ್ಗೆ ಬರೆಯಿರಿ’ ಅಂತ ಒಂದು ಖಾಲಿ ಜಾಗ ಇರುತ್ತದೆ. ಕಳೆದ ಶನಿವಾರ ರಾತ್ರಿ ಅದನ್ನು ತುಂಬಲು ಕೂತೆ. ವಯಸ್ಸು 39, ಊರು ಧಾರವಾಡ, ಕೆಲಸ ಅಂಗಡಿಯವರ ಜಿಎಸ್‌ಟಿ ಲೆಕ್ಕ ನೋಡೋದು. ಇಷ್ಟು ಸಲೀಸಾಗಿ ಬಂತು. ಮುಂದೆ ಹೀಗೆ ಬರೆದೆ: ‘ವಯಸ್ಸಾದ ತಂದೆ ತಾಯಿಯ ಜವಾಬ್ದಾರಿ ನನ್ನ ಮೇಲಿದೆ. ಬಿಡುವು ಕಡಿಮೆ. ಅರ್ಥ ಮಾಡಿಕೊಳ್ಳುವವರು ಮಾತ್ರ ಸಂಪರ್ಕಿಸಿ.’

ಗದಗಿನಲ್ಲಿರುವ ಅಕ್ಕನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು. “ತಮ್ಮಾ, ಇದೇನ್ ಪ್ರೊಫೈಲೋ, ರಜಾ ಚೀಟಿನೋ? ಓದಿದಾಕಿ ಹೆದರಿ ಓಡಿ ಹೋಗ್ತಾಳ. ನಿನಗ ಯಾವಾಗ ಬಿಡುವು ಇರ್ತೈತಿ ಅದನ್ನರ ಹೇಳು.”

ಬಿಡುವು ಯಾವಾಗ ಅಂತ ನಾನೇ ಸರಿಯಾಗಿ ಲೆಕ್ಕ ಹಾಕಿರಲಿಲ್ಲ. ನಮ್ಮ ಮನೆಯ ಗಡಿಯಾರ ನಡೆಯೋದು ಅಪ್ಪನ ಗುಳಿಗೆ ಮೇಲೆ. ಅವರಿಗೆ ಪಾರ್ಕಿನ್ಸನ್ ಬಂದು ಆರು ವರ್ಷ. ಲೆವೊಡೋಪಾ ಗುಳಿಗೆ ದಿನಕ್ಕೆ ನಾಲ್ಕು ಸಲ: ಏಳು, ಹನ್ನೊಂದು, ಮೂರು, ಮತ್ತೆ ಏಳು. ಊಟಕ್ಕೆ ಅರ್ಧ ತಾಸು ಮೊದಲೇ ಕೊಡಬೇಕು. ಬೇಳೆ, ಹಾಲು, ಮೊಸರಿನ ಜೊತೆ ಹೊಟ್ಟೆಗೆ ಹೋದರೆ ಗುಳಿಗೆ ಸರಿಯಾಗಿ ಹತ್ತೋದಿಲ್ಲ. ಹತ್ತಿದರೆ ಅಪ್ಪ ತಾವೇ ಅಂಗಿ ಗುಂಡಿ ಹಾಕಿಕೊಳ್ಳುತ್ತಾರೆ, ಪೇಪರ್ ಓದುತ್ತಾರೆ, ರಾಜಕಾರಣಿಗಳನ್ನು ಬೈಯುತ್ತಾರೆ.

ಹತ್ತೂವರೆ ಹೊತ್ತಿಗೆ ಅದರ ಶಕ್ತಿ ಇಳಿಯುತ್ತದೆ. ಆಗ ಬಚ್ಚಲ ಹೊಸ್ತಿಲ ಮುಂದೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆ. ಮೈ ಮುಂದೆ ಬಾಗುತ್ತದೆ, ಕಾಲು ಮಾತ್ರ ಬರೋದಿಲ್ಲ. ಮೊದಮೊದಲು ನಾನು ಕೈ ಹಿಡಿದು ಎಳೆಯುತ್ತಿದ್ದೆ. ಅದು ತಪ್ಪು. ಹಾಗೆ ಎಳೆದು ಒಮ್ಮೆ ಇಬ್ಬರೂ ಬಿದ್ದಿದ್ದೇವೆ. ಈಗ ಅಲ್ಲಿ ನೆಲಕ್ಕೆ ಗೇಣಿಗಿಂತ ತುಸು ಜಾಸ್ತಿ ಅಂತರದಲ್ಲಿ ಕೆಂಪು ಟೇಪ್ ಅಂಟಿಸಿದ್ದೇನೆ. “ಅಪ್ಪಾ, ಪಟ್ಟಿ ದಾಟ್ರಿ” ಅಂದರೆ ಸಾಕು. ಬರೀ ನೆಲದ ಮೇಲೆ ಏಳದ ಕಾಲು ಗೆರೆ ದಾಟಲು ಏಳುತ್ತದೆ! ಅವಸರ ಮಾಡಿದರೆ ಮಾತ್ರ ಮತ್ತೆ ಅಂಟುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಯಾರ ಫೋನನ್ನೂ ಎತ್ತೋದಿಲ್ಲ.

ರಾತ್ರಿ ಅವರಿಗೆ ಮಗ್ಗಲು ಬದಲಿಸಲು ಆಗೋದಿಲ್ಲ, ಒಂದು ಸಲವಾದರೂ ಎದ್ದು ಹೊರಳಿಸಬೇಕು. ಅವ್ವನದು ಮೊಣಕಾಲು ನೋವು. ಬಾಕಿ ಎಲ್ಲ ಗಟ್ಟಿ, ಬಾಯಿಯಂತೂ ಇನ್ನೂ ಗಟ್ಟಿ.

ಹೀಗೆ ಕಳೆಯುತ್ತಾ ಹೋದರೆ ಉಳಿಯೋದು ಸಂಜೆ ನಾಲ್ಕರಿಂದ ಆರು. ಮೂರರ ಗುಳಿಗೆ ಹತ್ತಿ ಅಪ್ಪ ಅಂಗಳದಲ್ಲಿ ಓಡಾಡುವ ಹೊತ್ತು ಅದು. ಪಕ್ಕದ ಮನೆಯ ಅಕ್ಕಾರು ಬಂದು ಅವ್ವನ ಜೊತೆ ಕೂಡುತ್ತಾರೆ. ನಾನು ಕೆಲಗೇರಿ ಕೆರೆ ಕಡೆ ಒಂದು ಸುತ್ತು ಹೋಗಿ ಬರುತ್ತೇನೆ. ಭಾನುವಾರ ಚಿಗವ್ವನ ಮಗ ಬಂದರೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೂ ಹೋಗಬಹುದು. ತಿಂಗಳ ಹನ್ನೊಂದು, ಇಪ್ಪತ್ತನೇ ತಾರೀಖಿನ ಆಸುಪಾಸು ಮಾತ್ರ ರಿಟರ್ನ್ ತುಂಬೋ ಗಡಿಬಿಡಿ, ಇದೂ ಇಲ್ಲ.

ಎರಡನೇ ಸಲ ಬರೆಯುವಾಗ ‘ಮನೆಗೆ ಹೊಂದಿಕೊಳ್ಳುವ ಹುಡುಗಿ’ ಅಂತ ಕೈ ತಾನೇ ಬರೆಯಿತು. ಎಲ್ಲರೂ ಬರೆಯುತ್ತಾರಲ್ವಾ. ಓದಿದೆ. ಅಪ್ಪನನ್ನು ಹೊರಳಿಸಲು ಇನ್ನೊಂದು ಜೋಡಿ ಕೈ ಬೇಕು ಅಂದಹಾಗೆ ಕೇಳಿಸಿತು. ಅಳಿಸಿದೆ. ಅಪ್ಪನ ಕಾಯಿಲೆಯ ಹೆಸರನ್ನೂ ಬರೆಯಲಿಲ್ಲ. ಅದು ಅವರ ಸುದ್ದಿ, ಮಾತು ಮುಂದುವರಿದರೆ ಎದುರು ಕೂತು ಹೇಳಬಹುದು. ಕೊನೆಗೆ ಉಳಿದದ್ದು ಇದು:

‘ಅಪ್ಪ ಅವ್ವನ ಜೊತೆ ಧಾರವಾಡದಲ್ಲಿ ಇದ್ದೇನೆ, ಮುಂದೆಯೂ ಇಲ್ಲೇ ಇರುತ್ತೇನೆ. ಅಪ್ಪನ ಆರೈಕೆ ನನ್ನ ಕೆಲಸ, ಅದನ್ನು ಯಾರಿಗೂ ಒಪ್ಪಿಸಲು ಹುಡುಕುತ್ತಿಲ್ಲ. ಮೆಸೇಜಿಗೆ ಉತ್ತರ ತಡವಾದರೆ ಬೇಜಾರಾಗಬೇಡಿ, ಆವತ್ತೇ ಬರುತ್ತದೆ. ಸಂಜೆ ನಾಲ್ಕರಿಂದ ಆರು ನನ್ನ ಹೊತ್ತು. ಕೆರೆ ದಂಡೆಯಲ್ಲಿ ನಡೆಯುತ್ತಾ ಮಾತಾಡೋದು ಇಷ್ಟವಿದ್ದರೆ ಬನ್ನಿ. ಅವ್ವನಿಗೆ ಮೊಣಕಾಲು ನೋವು, ಆದರೂ ಬಂದವರಿಗೆ ರೊಟ್ಟಿ ಬಡಿದು ಹಾಕುತ್ತಾಳೆ.’

ಅವ್ವನಿಗೆ ಓದಿ ಹೇಳಿದೆ. “ನನ್ನ ಮೊಣಕಾಲ್ ಯಾಕ್ ಬರದಿ? ಲಗ್ನ ನಿಂದೋ ನನ್ನ ಮೊಣಕಾಲಿಂದೋ?” ಅಂದಳು. ತೆಗೆದು ‘ಅವ್ವ ಕುಂತಲ್ಲೇ ರೊಟ್ಟಿ ಬಡಿಯುತ್ತಾಳೆ’ ಅಂತ ಮಾಡಿದೆ.

“ಕುಂತಲ್ಲೇ ಅನ್ನೂದೂ ತಗಿ.”

ತೆಗೆದೆ.