ಕೆಲಸದ ನಡುವೆ ವರ್ಕರ್ ಸತ್ತರೆ ಸಂದೇಶ ಎಲ್ಲಿಗೆ ಹೋಗುತ್ತದೆ?

“ಕ್ಯೂನಿಂದ ಸಂದೇಶ ತೆಗೆದುಕೊಂಡ ವರ್ಕರ್ ಅರ್ಧದಲ್ಲೇ ಸತ್ತರೆ, ಆ ಕೆಲಸ ಕಳೆದೇ ಹೋಗುತ್ತದೆಯೇ?”

ಇಲ್ಲ. ಅಮೆಜಾನ್‌ನ ಸಂದೇಶ ಕ್ಯೂ ಸೇವೆಯಾದ ಎಸ್‌ಕ್ಯೂಎಸ್‌ನಲ್ಲಿ ವರ್ಕರ್, ಅಂದರೆ ಕ್ಯೂನಲ್ಲಿ ಕಾದಿರುವ ಕೆಲಸಗಳನ್ನು ಎತ್ತಿಕೊಂಡು ಮಾಡುವ ಪ್ರೋಗ್ರಾಂ, ಸಂದೇಶವನ್ನು ಪಡೆದಾಗ ಅದು ಕ್ಯೂನಿಂದ ಅಳಿಯುವುದಿಲ್ಲ, ಗೊತ್ತುಪಡಿಸಿದಷ್ಟು ಹೊತ್ತು ಉಳಿದ ವರ್ಕರ್‌ಗಳಿಗೆ ಕಾಣದಂತಿರುತ್ತದೆ, ಅಷ್ಟೇ. ಈ ಅವಧಿಗೆ ವಿಸಿಬಿಲಿಟಿ ಟೈಮ್‌ಔಟ್ ಎಂದು ಹೆಸರು. ನಾವಾಗಿ ಬದಲಿಸದಿದ್ದರೆ ಅದು 30 ಸೆಕೆಂಡು. ಕೆಲಸ ಮುಗಿಸಿದ ವರ್ಕರ್ ತಾನೇ ಸಂದೇಶವನ್ನು ಅಳಿಸಬೇಕು.

ಒಂದು ಆರ್ಡರ್‌ಗೆ ಬಿಲ್ಲಿನ ಪಿಡಿಎಫ್ ತಯಾರಿಸಿ ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳುಹಿಸುವ ಕೆಲಸವನ್ನು ನೋಡೋಣ. ವರ್ಕರ್ ಸರಿಯಾಗಿ 10 ಗಂಟೆಗೆ ಸಂದೇಶ ಪಡೆಯುತ್ತದೆ, 12ನೇ ಸೆಕೆಂಡಿಗೆ ಪಿಡಿಎಫ್ ಸಿದ್ಧವಾಗುತ್ತದೆ, 15ಕ್ಕೆ ಎಸ್ಸೆಮ್ಮೆಸ್ ಹೋಗುತ್ತದೆ, 18ಕ್ಕೆ ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್ ಆ ಪ್ರೋಸೆಸ್ಸನ್ನು ಕೊಲ್ಲುತ್ತದೆ. ಕ್ಯೂಗೆ ಇದು ತಿಳಿಯುವುದೇ ಇಲ್ಲ. ಮುಂದಿನ 12 ಸೆಕೆಂಡು ಏನೂ ನಡೆಯದೆ, 30ನೇ ಸೆಕೆಂಡಿಗೆ ಸಂದೇಶ ಮತ್ತೆ ಕಾಣಿಸಿಕೊಂಡು ಇನ್ನೊಂದು ವರ್ಕರ್‌ನ ಕೈಸೇರುತ್ತದೆ. ಪಿಡಿಎಫ್ ಅದೇ ಹೆಸರಿನ ಕಡತದ ಮೇಲೆ ಬರೆಯಲ್ಪಟ್ಟರೆ ತೊಂದರೆಯಿಲ್ಲ; ಎಸ್ಸೆಮ್ಮೆಸ್ ಮಾತ್ರ ಎರಡನೆಯ ಸಲ ಹೋಗುತ್ತದೆ.

ವರ್ಕರ್ ಸಾಯದೆ ಬರೀ ನಿಧಾನವಾದರೂ ಹೀಗೆಯೇ ಆಗುತ್ತದೆ. ಕೆಲಸಕ್ಕೆ 40 ಸೆಕೆಂಡು ಹಿಡಿದರೆ, ಮೊದಲನೆಯದು ಇನ್ನೂ ದುಡಿಯುತ್ತಿರುವಾಗಲೇ ಎರಡನೆಯದೂ ಅದೇ ಕೆಲಸಕ್ಕೆ ಕೈಹಾಕುತ್ತದೆ, ಏಕೆಂದರೆ ಸತ್ತವರಾರು, ತಡಮಾಡಿದವರಾರು ಎಂದು ಕ್ಯೂಗೆ ಹೇಳಲು ಬರುವುದಿಲ್ಲ. ಹಾಗೆಂದು ಅವಧಿಯನ್ನು ಒಂದು ಗಂಟೆಗೆ ಏರಿಸಿದರೆ, ನಿಜವಾಗಿ ಸತ್ತ ವರ್ಕರ್‌ನ ಕೆಲಸವೂ ಒಂದು ಗಂಟೆಯವರೆಗೆ ಕಾಯುತ್ತದೆ. ನಾನು ಅವಧಿಯನ್ನು 60 ಸೆಕೆಂಡಿಗೆ ಇಟ್ಟು, ಬದುಕಿರುವ ವರ್ಕರ್ 20 ಸೆಕೆಂಡಿಗೊಮ್ಮೆ ಅದನ್ನು ಮುಂದೂಡುವಂತೆ ಮಾಡುತ್ತೇನೆ:

```
aws sqs change-message-visibility \
  --queue-url "$URL" \
  --receipt-handle "$HANDLE" \
  --visibility-timeout 60
```

ಈ 60 ಸೆಕೆಂಡು ಆಜ್ಞೆ ಕೊಟ್ಟ ಗಳಿಗೆಯಿಂದ ಲೆಕ್ಕ. ಎಷ್ಟು ಮುಂದೂಡಿದರೂ, ಸಂದೇಶ ಪಡೆದ ಹೊತ್ತಿನಿಂದ 12 ಗಂಟೆ ದಾಟುವಂತಿಲ್ಲ.

ಇಷ್ಟರಿಂದ ಎರಡನೆಯ ಎಸ್ಸೆಮ್ಮೆಸ್ ತಪ್ಪುವುದಿಲ್ಲ. ಕಳುಹಿಸಿದ ಮೇಲೆ ಆರ್ಡರ್ ಸಂಖ್ಯೆಯನ್ನು ಡೇಟಾಬೇಸಿನಲ್ಲಿ ಬರೆದಿಟ್ಟು ಮುಂದಿನ ವರ್ಕರ್ ಅದನ್ನು ನೋಡುವಂತೆ ಮಾಡಬಹುದು; ಆದರೆ ಕಳುಹಿಸುವುದಕ್ಕೂ ಬರೆಯುವುದಕ್ಕೂ ನಡುವೆಯೇ ವರ್ಕರ್ ಸತ್ತರೆ ಮತ್ತೆ ಎರಡು ಹೋಗುತ್ತವೆ. ಮೊದಲೇ ಬರೆದಿಟ್ಟರೆ, ಒಂದೂ ಹೋಗದಿರಬಹುದು. ಎಸ್ಸೆಮ್ಮೆಸ್ ವಿಷಯದಲ್ಲಿ ನಾನು ಎರಡು ಹೋಗುವುದನ್ನೇ ಒಪ್ಪಿಕೊಳ್ಳುತ್ತೇನೆ. ಹಣ ಕಡಿತದ ವಿಷಯದಲ್ಲಿ ಎರಡನ್ನೂ ಒಪ್ಪಲಾರೆ: ಅಲ್ಲಿ ಒಂದು ಪಾವತಿಗೆ ಎಷ್ಟು ಸಲ ಕೋರಿಕೆ ಹೋದರೂ ಅದರೊಂದಿಗೆ ಆ ಪಾವತಿಯದೇ ಆದ ಒಂದೇ ಕೀಲಿಯನ್ನು ಕಳುಹಿಸಿ, ಪುನರಾವರ್ತನೆಯನ್ನು ಪಾವತಿ ಸೇವೆಯೇ ಗುರುತಿಸುವಂತಿರಬೇಕು.

ವರ್ಕರ್ ಸಾಯಲು ಆ ಸಂದೇಶವೇ ಕಾರಣವಾಗಿದ್ದರೆ, ಉದಾಹರಣೆಗೆ ಬಿಲ್ಲಿನಲ್ಲಿ ಸಾವಿರಾರು ಸಾಲುಗಳಿದ್ದು ಮೆಮೊರಿ ತುಂಬುತ್ತಿದ್ದರೆ, ಅದು ಮರಳಿ ಬಂದಾಗಲೆಲ್ಲ ಒಂದೊಂದು ವರ್ಕರನ್ನು ಬಲಿ ತೆಗೆದುಕೊಳ್ಳುತ್ತದೆ. ಸಂದೇಶವನ್ನು ಎಷ್ಟು ಸಲ ಪಡೆಯಲಾಗಿದೆ ಎಂದು ಹೇಳುವ `ApproximateReceiveCount` ಏರುತ್ತಲೇ ಇರುವುದು ಇದರ ಗುರುತು. `maxReceiveCount` ಅನ್ನು 5 ಎಂದಿಟ್ಟು, ಸೋತ ಸಂದೇಶಗಳನ್ನು ಬೇರೆಯಾಗಿಡುವ ಡೆಡ್ ಲೆಟರ್ ಕ್ಯೂ ಜೋಡಿಸಿದ್ದರೆ, ಐದು ಸಲ ಸೋತ ಸಂದೇಶ ಅಲ್ಲಿಗೆ ಸರಿದು, ಅದನ್ನು ಬಿಡಿಸಿ ನೋಡಲು ನಮಗೆ ಸಮಯ ಸಿಗುತ್ತದೆ.