ವಿಜಯಪುರದಿಂದ ಚಿಕ್ಕಮಗಳೂರಿಗೆ ರಾತ್ರಿ ಬಸ್ಸು: ಯಾವ ಹಾಡು ಯಾವಾಗ ಹಚ್ಚಬೇಕು

ಹೋದ ಸಲ ನಾವು ಮಾಡಿದ ತಪ್ಪು ಮೊದ್ಲ ಹೇಳಿಬಿಡ್ತೀನಿ. ವಿಜಯಪುರ ಬಿಟ್ಟು ಊರ ದಾಟೂದ್ರೊಳಗ ಇದ್ದಬದ್ದ ಕುಣಿಯೋ ಹಾಡೆಲ್ಲ ಹಚ್ಚಿ ಮುಗಿಸಿದ್ವಿ, ನಿಡಗುಂದಿ ಬರೂದ್ರಾಗ ಗಂಟಲ ಕೂತಿತ್ತು, ಹುನಗುಂದ ದಾಟಿದ ಮ್ಯಾಲ ಅವೇ ಹಾಡು ಎರಡನೇ ಸಲ ಬರಾಕ ಹತ್ತಿದ್ವು, ಹೊಸಪೇಟಿ ಅನ್ನೂದ್ರೊಳಗ ಅರ್ಧ ಬಸ್ಸು ಗೊರಕಿ ಹೊಡಿತಿತ್ತು. ಈ ಸಲ ಅದೇ ದಾರಿ, ಅದೇ ಮಂದಿ, 19 ಜನ, ಬಾಡಿಗಿ ಮಿನಿ ಬಸ್ಸು, ರಾತ್ರಿ 8:30ಕ್ಕ ಹೊಂಟು ಬೆಳಿಗ್ಗೆ 6ಕ್ಕ ಚಿಕ್ಕಮಗಳೂರು. ಆದ್ರ ಹಾಡಿನ ಕೆಲಸ ನನ್ನ ಮ್ಯಾಲ ಹಾಕಿದ್ರು, ನಾನೂ ಸ್ವಲ್ಪ ತಲಿ ಓಡಿಸಿದೆ. ನೀವೂ ಹಿಂಗ ಹೊಂಟಿದ್ರ ಇದನ್ನ ಓದ್ರಿ.

ಒಂದ್ ಮಾತು, ಇದು ಬರೇ ನಿಮ್ಮ ಗೆಳ್ಯಾರ ಬಾಡಿಗಿ ಬಸ್ಸಿಗೆ. ಸರ್ಕಾರಿ ಬಸ್ಸಿನ್ಯಾಗ ಮೊಬೈಲ್ ಸ್ಪೀಕರ್ ಹಚ್ಚಾಕ ಹೋಗಬ್ಯಾಡ್ರಿ, 2021ರಾಗ ಕೆಎಸ್‌ಆರ್‌ಟಿಸಿ ಅದಕ್ಕ ನಿಷೇಧ ಹಾಕಿದ್ದು ನೆನಪಿರಬೇಕು, ಮತ್ತ ಮಗ್ಗಲಾಗ ಕುಂತ ಅಜ್ಜ ಬೈದ್ರ ಅದು ನಿಮ್ಮದ ತಪ್ಪು.

ಮೊದ್ಲು ಪೆನ್‌ಡ್ರೈವ್ ವಿಷಯ, ಯಾಕಂದ್ರ ನಮ್ಮ ಮೊದಲನೇ ಅರ್ಧ ತಾಸು ಅಲ್ಲೇ ಹೋತು. ಬ್ಲೂಟೂತ್ ನಂಬಬ್ಯಾಡ್ರಿ, ಒಬ್ಬನ ಫೋನಿಗೆ ಕಾಲ್ ಬಂದ್ರ ಅವನ ಹೆಂಡ್ತಿ ಮಾತು ಇಡೀ ಬಸ್ಸಿಗೆ ಕೇಳಸ್ತೈತಿ (ಆತು, ಕೇಳಿಸ್ತು). ನೆಟ್ ಮ್ಯಾಲಿಂದ ಹಚ್ಚೂದೂ ಬ್ಯಾಡ, ನಡುವ ಸಿಗ್ನಲ್ ಹೋಗತೈತಿ, ಹಾಡು ನಿಂತ್ರ ಹುರುಪೂ ನಿಂತ ಹೋಗತೈತಿ. ನಾನು 64 ಜಿಬಿದು ಹೊಸಾ ಪೆನ್‌ಡ್ರೈವ್ ಒಯ್ದಿದ್ದೆ, ಬಸ್ಸಿನ ಸ್ಟೀರಿಯೋ ಅದನ್ನ ಓದಲೇ ಇಲ್ಲ. ದೊಡ್ಡ ಪೆನ್‌ಡ್ರೈವ್ ಅಂಗಡಿಯಿಂದ ಬರೂದು ಬಹಳ ಸಲ exFAT ಅಂತ ಇರ್ತೈತಿ, ಬಸ್ಸಿನ ಹಳೇ ಸ್ಟೀರಿಯೋಕ್ಕ FAT32 ಬೇಕು. ಡ್ರೈವರ್ ಕಾಕಾನ ಹತ್ರ ಒಂದು 8 ಜಿಬಿದು ಇತ್ತು, ಒಬ್ಬ ಗೆಳ್ಯಾ ಲ್ಯಾಪ್‌ಟಾಪ್ ತಂದಿದ್ದ, ಅದಕ್ಕ ಹಾಕಿಕೊಂಡ್ವಿ. ಹಾಡು ಎಲ್ಲಾ MP3 ಇರ್ಲಿ. ಮತ್ತ ಹೆಸರಿಗೆ 01, 02 ಅಂತ ನಂಬರ್ ಹಾಕಿದ್ರ ಸಾಕು ಅನಕೋಬ್ಯಾಡ್ರಿ, ಸುಮಾರು ಸ್ಟೀರಿಯೋ ಹೆಸರು ನೋಡಂಗಿಲ್ಲ, ಯಾವ ಫೈಲ್ ಮೊದ್ಲ ಕಾಪಿ ಆಗೇತಿ ಅದನ್ನ ಮೊದ್ಲ ಹಚ್ಚತಾವ. ಅದಕ್ಕ ಒಂದೊಂದ ಫೋಲ್ಡರ್ ಬ್ಯಾರೆ ಬ್ಯಾರೆ ಮಾಡಿ, ಹಾಡೂ ನಿಮಗ ಬೇಕಾದ ಸಾಲಿನ್ಯಾಗ ಒಂದಾದ ಮ್ಯಾಲ ಒಂದು ಕಾಪಿ ಮಾಡ್ರಿ. ಇನ್ನೊಂದು ಕಿರಿಕಿರಿ, ಹಳೇ ಹಾಡಿನ ದನಿ ಸಣ್ಣದು, ಹೊಸಾ ಹಾಡಿಂದು ಕಿವಿ ಹರಿಯೂವಷ್ಟು ಜೋರು, ಒಬ್ಬ ಮುಂದ ಕುಂತು ಬರೇ ವಾಲ್ಯೂಮ್ ತಿರಗಸ್ತಾ ಇರಬೇಕಾಗತೈತಿ. MP3Gain ಅನ್ನೋ ಸಣ್ಣ ಸಾಫ್ಟ್‌ವೇರ್ ಐತಿ, ಎಲ್ಲಾ ಹಾಡು ಅದರಾಗ ಹಾಕಿ 89 dB ಅಂತ ಇದ್ದದ್ದನ್ನ ಹಂಗ ಬಿಟ್ಟು ಒತ್ತಿದ್ರ ಎಲ್ಲಾದೂ ಸುಮಾರು ಒಂದ ಮಟ್ಟಕ್ಕ ಬರ್ತಾವ. ಇದನ್ನ ಮನಿಯಾಗ ಮಾಡ್ರಿ, ಬಸ್ಸಿನ್ಯಾಗ ಅಲ್ಲ.

ಈಗ ಲೆಕ್ಕ. ಒಂದು ಹಾಡು ನಾಲ್ಕು ನಿಮಿಷ ಹಿಡಿದ್ರ ತಾಸಿಗೆ 15. ಒಂಬತ್ತೂವರೆ ತಾಸಿಗೆ 140 ಹಾಡು ಬೇಕು ಅಂತ ಅನಸ್ತೈತಿ, ಆದ್ರ ಅದು ತಪ್ಪು ಲೆಕ್ಕ. ಮಂದಿ ಎಲ್ಲಾ ಎದ್ದು ಹಾಡೂದು ಹೆಚ್ಚಂದ್ರ ಎರಡು, ಎರಡೂವರೆ ತಾಸು. ಆ ಹೊತ್ತಿಗೆ 25-30 ಗಟ್ಟಿ ಹಾಡು ಸಾಕು, ಯಾಕಂದ್ರ ನಡುವ ನಗೋದು, ಜಗಳ, 'ಇದಲ್ಲ ಅದು ಹಚ್ಚು' ಅನ್ನೋದು ಇರ್ತೈತಿ. ಉಳಿದದ್ದು ಊಟದ ಹೊತ್ತಿಗೆ ಸಣ್ಣ ದನಿಯಾಗ ಹೊಡಿಯೋ 20, ಬೆಳಗಿನ ಜಾವಕ್ಕ ಒಂದು 10. ನಾನು ಹಿಂಗ ಮೂರು ಫೋಲ್ಡರ್ ಮಾಡಿದ್ದೆ.

ಹೊಂಟ ಕೂಡಲೇ ಕುಣಿಯೋ ಹಾಡು ಹಚ್ಚಬ್ಯಾಡ್ರಿ. ಆ ಹೊತ್ತಿಗೆ ಎಲ್ಲಾರೂ ಮಾತಾಡಾಕ ಹಸಿದಿರ್ತಾರ, ವರ್ಷಾದ ಮ್ಯಾಲ ಭೆಟ್ಟಿ ಆಗಿರ್ತಾರ, ಹಾಡು ಹಿಂದ ನಿಲ್ಲಬೇಕು. ಮೊದಲನೇ ಫೋಲ್ಡರ್ ಅದಕ್ಕ. ನಿಡಗುಂದಿ ಸುತ್ತ ರೊಟ್ಟಿ ಬುತ್ತಿ ಬಿಚ್ಚಿದ್ವಿ, ಶೇಂಗಾ ಹಿಂಡಿ, ಬದನಿಕಾಯಿ ಪಲ್ಯ, ಬಾಯಿ ತುಂಬ ರೊಟ್ಟಿ ಇದ್ದಾಗ ಯಾವನೂ ಹಾಡಂಗಿಲ್ಲ.

ನಿಜವಾದ ಹಾಡು ಹುನಗುಂದ ದಾಟಿದ ಮ್ಯಾಲ, ರಾತ್ರಿ 10:30ರಿಂದ. ಇಲ್ಲಿ ನಾನು ಕಲ್ತದ್ದು ಏನಂದ್ರ, ಜೋರಾಗಿದ್ದ ಹಾಡೆಲ್ಲ ಬಸ್ಸಿನ್ಯಾಗ ನಡಿಯಂಗಿಲ್ಲ. ಕೇಳಾಕ ಚಲೋ ಇರೂದು ಬ್ಯಾರೆ, 19 ಮಂದಿ ಒಟ್ಟಿಗೆ ಹಾಡಾಕ ಬರೂದು ಬ್ಯಾರೆ. ಸಿನಿಮಾ ಹಾಡಿನ್ಯಾಗ ಎಲ್ಲಾರಿಗೂ ಪಲ್ಲವಿ ಅಷ್ಟ ಬರತೈತಿ, ಚರಣ ಬಂತಂದ್ರ ಬಸ್ಸು ತುಂಬ ಬರೇ ಗುಂಯ್ ಗುಂಯ್. ಫೋನಿನ್ಯಾಗ ಸಾಹಿತ್ಯ ನೋಡಿ ಹಾಡ್ತೀವಂದ್ರ ಓಡೋ ಬಸ್ಸಿನ್ಯಾಗ ಓದಿದವ್ರಿಗೆ ತಲಿ ತಿರಗತೈತಿ, ನಮ್ಮಲ್ಲಿ ಒಬ್ಬಾಕಿ ಇಳಕಲ್ಲಿನ ಹತ್ರ ಕಿಟಕಿ ಹುಡುಕೋ ಹಂಗಾತು. ಅದಕ್ಕ ನಮ್ಮೂರ ಗೀಗೀ ಮೇಳದವ್ರು ಮಾಡೋದನ್ನ ಮಾಡ್ರಿ. ಮುಂದಿನಾವ ಒಬ್ಬ ಸಾಲು ಹೇಳ್ತಾನ, ಹಿಮ್ಮೇಳದವ್ರು 'ಗೀಯ ಗೀಯ ಗಾಗಿಯ' ಅಂತ ಎತ್ಕೋತಾರ, ಸಾಲು ಬಾರದಿದ್ದವಗೂ ಒಂದು ಕೆಲಸ ಇರ್ತೈತಿ. ಹಾಡು ಆರಿಸುವಾಗ ಇದೊಂದ ಕೇಳ್ಕೋರಿ, ಸಾಲು ಬಾರದಾವ ಇದರಾಗ ಏನು ಮಾಡ್ತಾನ? ಉತ್ತರ ಇಲ್ಲಂದ್ರ ಆ ಹಾಡು ಮೊದಲನೇ ಫೋಲ್ಡರ್‌ಗೆ.

'ಟಗರು ಬಂತು ಟಗರು' ಈ ಪರೀಕ್ಷೆಯಾಗ ಪಾಸು, ಆ ಒಂದು ಕೂಗು ಎಲ್ಲಾರ ಬಾಯಾಗೂ ಐತಿ. 'ಚುಟು ಚುಟು ಅಂತೈತಿ' ಅಂತೂ ನಮ್ಮ ಕಡೆ ಮಾತಿನ್ಯಾಗ ಇದ್ದ ಹಾಡು, ಮ್ಯಾಲ ಗಂಡು ಹೆಣ್ಣಿನ ಜೋಡಿ ಹಾಡು, ಬಸ್ಸಿನ ಎಡಗಡೆ ಸಾಲಿಗೆ ಗಂಡಿನ ಪಾಲು, ಬಲಗಡೆಗೆ ಹೆಣ್ಣಿನ ಪಾಲು ಅಂತ ಹಂಚಿಬಿಟ್ವಿ, ಮೀಸಿ ಇದ್ದಾವ ಹೆಣ್ಣಿನ ಸಾಲು ಹಾಡೂದು ನೋಡಿ ಡ್ರೈವರ್ ಕಾಕಾನೂ ನಕ್ಕ. 'ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು' 1993ರ ಆಕಸ್ಮಿಕ ಸಿನಿಮಾದ್ದು, ನಮಗಿಂತ ಸಣ್ಣಾವ್ರಿಗೂ ಬರತೈತಿ, ನಮ್ಮ ಕಾಕಾಗೂ ಬರತೈತಿ, ಬ್ಯಾರೆ ಬ್ಯಾರೆ ವಯಸ್ಸಿನವ್ರು ಇದ್ರ ಅದನ್ನ ಬಿಡಬ್ಯಾಡ್ರಿ. ಆದ್ರ ಚರಣದಾಗ ದನಿ ಕಡಿಮಿ ಆದ ಕೂಡಲೇ ಮುಂದಿನ ಹಾಡಿಗೆ ಹಾರ್ರಿ, ಪೂರ್ತಿ ಮುಗಸಬೇಕು ಅಂತ ಯಾರೂ ಆಣಿ ಹಾಕಿಲ್ಲ.

ಹಾಡಿನ ಓಟ ಎಷ್ಟು ಅಂತ ತಿಳಿಯಾಕ ಚಪ್ಪಾಳೆ ಹೊಡ್ಕೊಂತ 15 ಸೆಕೆಂಡ್ ಎಣಸ್ರಿ, ನಾಲ್ಕರಿಂದ ಗುಣಸ್ರಿ. 25 ಬಂದ್ರ ನಿಮಿಷಕ್ಕ 100, ಇದು ಕುಂತಲ್ಲೇ ಚಪ್ಪಾಳೆ ಹೊಡದು ಹಾಡಾಕ ಸರಿ. 32 ಬಂದ್ರ 128, ಇದು ಎದ್ದು ಕುಣಿಯೋದು, ಇಂಥಾವ ಮೂರು ಒಟ್ಟಿಗೆ ಹಚ್ಚಿದ್ರ ಯಾವನರ ಎದ್ದ ಏಳ್ತಾನ. ಓಡೋ ಬಸ್ಸಿನ ನಡುವ ನಿಂತು ಕುಣಿಯೂದು ನಾನಂತೂ ಬ್ಯಾಡ ಅಂತೀನಿ, ಹೋದ ಸಲ ಹಂಪಿನ ಮ್ಯಾಲ ಬ್ರೇಕ್ ಬಿದ್ದಾಗ ಒಬ್ಬನ ಹಣಿ ಸೀಟಿನ ಕಂಬಿಗೆ ಬಡದು ಹಣಿ ತುಂಬ ಬಾವು. ಅದಕ್ಕ 128ರ ಹಾಡು ಎರಡಾದ ಮ್ಯಾಲ 100ರದೊಂದು ಅಂತ ಹಾಕಿದ್ದೆ, ಏರಿಳಿತ ಇದ್ರ ಗಂಟಲಿಗೂ ಚಲೋ. ಹಲಗಿ ಒಯ್ಯಬ್ಯಾಡ್ರಿ, ಮುಚ್ಚಿದ ಬಸ್ಸಿನ್ಯಾಗ ಅದು ಕಿವಿ ಒಡಿತೈತಿ, ಖಾಲಿ ಬುತ್ತಿ ಡಬ್ಬಿ ಸಾಕು.

ರಾತ್ರಿಯ ಖರೇ ಮಜಾ ಮಾತ್ರ ಸ್ಟೀರಿಯೋ ಬಂದ್ ಮಾಡಿದ ಮ್ಯಾಲ ಬಂತು. ಕುಷ್ಟಗಿ ದಾಟಿದಾಗ ಸ್ಪೀಕರ್ ಒಂದು ಕರಕರ ಅನ್ನಾಕ ಹತ್ತಿತು, ಬಂದ್ ಮಾಡಿದ್ವಿ. ಆಗ ಹಿಂದಿನ ಸೀಟಿನಾವ ಶಿಶುನಾಳ ಶರೀಫರ 'ಕೋಡಗನ ಕೋಳಿ ನುಂಗಿತ್ತ' ಎತ್ತಿದ. ಶರೀಫರು (1819–1889) ನಮ್ಮ ಹಾವೇರಿ ಕಡೆಯವ್ರು, ಅವರ ಹಾಡು ನಮ್ಮ ಮನಿ ಭಜನ್ಯಾಗ ಕೇಳಿ ಬೆಳದೀವಿ. ಇದರ ಕಟ್ಟು ನೋಡ್ರಿ ಎಷ್ಟು ಸರಳ, 'ಆಡು ಆನೆಯ ನುಂಗಿ, ಗೋಡೆ ಸುಣ್ಣವ ನುಂಗಿ' ಅಂತ ಒಂದು ಇನ್ನೊಂದನ್ನ ನುಂಗ್ತಾ ಹೋಗೋದು, ಎಲ್ಲಾರೂ 'ನೋಡವ್ವ ತಂಗಿ' ಅನ್ನೂದು. ಬರೋ ಸಾಲು ಮುಗಿದ ಮ್ಯಾಲ ನಾವೇ ಕಟ್ಟಾಕ ಹತ್ತಿದ್ವಿ. 'ಟೋಲು ರೊಕ್ಕವ ನುಂಗಿ', 'ಬಸ್ಸು ಡೀಸೆಲ್ ನುಂಗಿ', 'ಇಎಂಐ ಪಗಾರ ನುಂಗಿ', ಒಬ್ಬಾಕಿ ತನ್ನ ಅತ್ತಿಯ ಬಗ್ಗೆ ಒಂದ ಸಾಲು ಕಟ್ಟಿದ್ಲು, ಅದನ್ನ ಇಲ್ಲಿ ಬರಿಯಾಕ ಬರಂಗಿಲ್ಲ. ಸರದಿ ಬಂದಾವ ಚಪ್ಪಾಳೆ ಎಂಟು ಬೀಳೂದ್ರೊಳಗ ಹೊಸಾ ಸಾಲು ಹೇಳಬೇಕು, ಇಲ್ಲಂದ್ರ ಹೊಸಪೇಟ್ಯಾಗ ಎಲ್ಲಾರಿಗೂ ಚಾ ಅವಂದು. ಒಂದು ಹಾಡು 25 ನಿಮಿಷ ನಡೀತು. ಶರೀಫಜ್ಜ ಹೇಳಿದ್ದರ ಒಳ ಅರ್ಥ ಬ್ಯಾರೆ ಐತಿ, ಅದು ಗೊತ್ತಿದ್ದ ನಮ್ಮ ಗೆಳ್ಯಾ ಸ್ವಲ್ಪ ಮುಖ ಸಿಂಡರಿಸಿದ, ಆಮ್ಯಾಲ ಅವನ ಸಾಲೇ ಚಲೋ ಇತ್ತು.

ಚಾ ಕುಡದು ಹೊಸಪೇಟಿ ಬಿಟ್ಟಾಗ ಒಂದಾಗಾಕ ಬಂದಿತ್ತು. ಇಲ್ಲಿಂದ ಮುಂದ ಹಾಡಿಂದು ಒಂದ ಕೆಲಸ, ಕಡಿಮಿ ಆಗೂದು. ಕೂಡ್ಲಿಗಿ ಬರೂದ್ರೊಳಗ ಹಿಂದಿನ ಸ್ಪೀಕರ್ ಬಂದ್ ಮಾಡಿ ಮುಂದಿಂದು ಸಣ್ಣಗ ಇಟ್ವಿ. ಸ್ಟೀರಿಯೋದಾಗ FADER ಅಂತ ಇರ್ತೈತಿ, ಅದನ್ನ ಮುಂದಕ್ಕ ತಿರುಗಿಸಿದ್ರ ಮಲಗಿದವ್ರಿಗೆ ತ್ರಾಸಿಲ್ಲ. ಮಂದಿ ಮಾಡೋ ದೊಡ್ಡ ತಪ್ಪು ಇಲ್ಲೇ, 'ಡ್ರೈವರ್‌ಗೆ ನಿದ್ದಿ ಬರಬಾರದು' ಅಂತ ಜೋರ ಹಾಡು ಹಚ್ಚೂದು. ರಾತ್ರಿ 2ರಿಂದ 6ರೊಳಗ ಮೈಗೆ ನಿದ್ದಿ ಜಗ್ಗೋ ಹೊತ್ತು, ಹಾಡು ಅದನ್ನ ಸ್ವಲ್ಪ ಹೊತ್ತು ಮುಚ್ಚತೈತಿ ಅಷ್ಟ, ಕಳಿಯಂಗಿಲ್ಲ. ಡ್ರೈವರ್ ಪದೇ ಪದೇ ಆಕಳಿಸ್ತಾನ, ಕಣ್ಣು ತಿಕ್ಕತಾನ, ಬಸ್ಸು ಬಿಳಿ ಗೆರಿ ಕಡೆ ಸರಿತೈತಿ ಅಂದ್ರ ಹಾಡಲ್ಲ, ಬಸ್ಸು ನಿಲ್ಲಸ್ರಿ. ಚಿತ್ರದುರ್ಗದ ಹತ್ರ 3ರ ಸುಮಾರಿಗೆ ನಾವು ನಿಲ್ಲಿಸಿದ್ವಿ, ಕಾಕಾ ಒಂದು ಕಾಫಿ ಕುಡದು 20 ನಿಮಿಷ ಸೀಟು ಹಿಂದಕ್ಕ ಮಾಡಿ ಮಲಗಿದ. ಒಬ್ಬ ಗೆಳ್ಯಾ ಸರದಿ ಮ್ಯಾಲ ಕ್ಯಾಬಿನ್ನಿನ್ಯಾಗ ಎಚ್ಚರಿದ್ದು ಮಾತಾಡಬೇಕು, ಇದು ಎಲ್ಲಾ ಹಾಡಿಗಿಂತ ಕೆಲಸ ಮಾಡತೈತಿ. ರೊಕ್ಕ ಇದ್ರ ಎರಡನೇ ಡ್ರೈವರ್ ಕೇಳ್ಕೋರಿ.

ಹೊಳಲ್ಕೆರೆ, ಹೊಸದುರ್ಗ ದಾಟಿ ಕಡೂರು ಬರೂದ್ರಾಗ 5 ಆಗಿತ್ತು. ಮೂರನೇ ಫೋಲ್ಡರ್ ಹಚ್ಚಿದೆ, ಮೊದ್ಲು ತಂಬೂರಿ ತಾಳದ ಭಜನಾ ಪದ, ವಾಲ್ಯೂಮ್ ಬಹಳ ಸಣ್ಣದು, ಮೂರು ಹಾಡಿಗೊಮ್ಮೆ ಒಂದು ಹಂತ ಏರಿಸಿದೆ. ಥಟ್ಟಂತ ಜೋರ ಹಾಡು ಹಚ್ಚಿದ್ರ ನಿದ್ದಿಗಣ್ಣಾಗ ಎದ್ದಾವ ಬೈದ ಬೈತಾನ. ನಾಲ್ಕನೇ ಹಾಡಿಗೆ ಯಾರೋ ತಾಳ ಹಾಕಿದ್ರು, ಆರನೇದಕ್ಕ ಕಿಟಕಿ ತಗದು ಗುಡ್ಡದ ಮ್ಯಾಲಿನ ಮಂಜು ನೋಡಾಕ ಹತ್ತಿದ್ರು, ಅಷ್ಟರಾಗ ಊರ ಬಂತು.

ಪೆನ್‌ಡ್ರೈವ್ ಮಾತ್ರ ಬಸ್ಸಿನ್ಯಾಗೇ ಉಳದೈತಿ. ಫೋನ್ ಮಾಡಿದ್ರ ಕಾಕಾ ಅಂದ, 'ಇರ್ಲಿ ಬಿಡೋ ತಮ್ಮಾ, ಹೆಂಗೂ ಅದು ನಂದ, ಆ ಎರಡನೇ ಫೋಲ್ಡರ್ ಅಳಿಸಂಗಿಲ್ಲ ತಗೊ.'