ಅಬ್ಬಿ ನೀರಿನ ಕಾವಲುಗಾರ: ಡಬ್ಬಿ ರೆಡಿ, ರೇಟು ಎಷ್ಟು?

ಗುಡ್ಡದಿಂದ ಬರುವ ಅಬ್ಬಿ ನೀರು ಪೈಪಿನಲ್ಲಿ ನಿಂತರೆ ಮನೆಗೆ ಸುದ್ದಿ ಕೊಡುವ ಡಬ್ಬಿಯೊಂದನ್ನು ಮಾಡಿದ್ದೇನೆ. ಸುದ್ದಿ ತರುವ ಲೋರಾ ರೇಡಿಯೊ ಸಿಗ್ನಲ್ ಗುಡ್ಡ ದಾಟಿತು, ಫ್ಲೋ ಸೆನ್ಸರ್‌ಗೆ ಮರಳು ಕಚ್ಚುವುದೂ ನಿಂತಿತು. ಆ ಕಥೆ ಬಿಡಿ. ಇಡೀ ಮಳೆಗಾಲ ತಲೆ ತಿಂದಿದ್ದು ರೇಟು.

ತೀರ್ಥಹಳ್ಳಿ ಕಡೆಯ ಒಂಟಿಮನೆಗಳಿಗೆ ಗುಡ್ಡದ ಮೇಲಿನ ಅಬ್ಬಿಯಿಂದ ಕರಿ ಪೈಪಿನಲ್ಲಿ ನೀರು ಬರುತ್ತದೆ. ತರಗೆಲೆ ಕಟ್ಟುತ್ತದೆ, ಗಾಳಿ ಹಿಡಿಯುತ್ತದೆ, ಹಂದಿ ಎಳೆದು ಹಾಕುತ್ತದೆ. ನೀರು ಎಲ್ಲಿ ನಿಂತಿದೆ ಅಂತ ನನ್ನ ಡಬ್ಬಿ ಮನೆಯಲ್ಲೇ ತೋರಿಸುತ್ತದೆ. ಇಂಥದ್ದು ಈ ಕಡೆ ಯಾವ ಅಂಗಡಿಯಲ್ಲೂ ಇಲ್ಲ. ಹಾಗಾಗಿ ಪಕ್ಕದವನ ರೇಟು ನೋಡಿ ನೂರು ರೂಪಾಯಿ ಇಳಿಸೋಣ ಅಂದರೆ ಪಕ್ಕದವನೇ ಇಲ್ಲ.

ಮೊದಲು ಎಲ್ಲರೂ ಹಾಕುವ ಕಾಸ್ಟ್ ಪ್ಲಸ್ ಲೆಕ್ಕ. ಸಾಮಾನು 3,400. ಸೋಲ್ಡರಿಂಗ್, ಜೋಡಣೆಗೆ ನನ್ನ ಕೂಲಿ 1,000. ಹೋಗಿ ಕೂರಿಸಲು ಪೆಟ್ರೋಲು ಸೇರಿ 700. ಕೆಟ್ಟದ್ದನ್ನು ಬದಲಿಸಿಕೊಡಲು ತೆಗೆದಿಟ್ಟಿದ್ದು 400. ಒಟ್ಟು 5,500, ಅದರ ಮೇಲೆ ಮೂವತ್ತು ಪರ್ಸೆಂಟ್ ಸೇರಿಸಿದರೆ 7,150. (ಇದು ಖರ್ಚಿನ ಮೇಲಿನ ಮೂವತ್ತು, ಮಾರಿದ ಹಣದಲ್ಲಿ ಉಳಿಯುವುದು ಇಪ್ಪತ್ಮೂರೇ ಪರ್ಸೆಂಟ್.) ನೀಟಾಗಿದೆ. ಆದರೆ ಡಬ್ಬಿಯ ಅಚ್ಚಿಗೆ ಹೋದ 12,000 ಇದರಲ್ಲಿಲ್ಲ. ಹತ್ತು ಮಾರಿದರೆ ಒಂದೊಂದರ ತಲೆಗೆ 1,200, ನಲವತ್ತು ಮಾರಿದರೆ 300. ಎಷ್ಟು ಮಾರಬಹುದು ಅನ್ನುವುದು ರೇಟಿನ ಮೇಲೆ ನಿಂತಿದೆ, ರೇಟು ನೋಡಿದರೆ ಎಷ್ಟು ಮಾರುತ್ತೇನೆ ಅನ್ನುವುದರ ಮೇಲೆ! ಸಾಲದ್ದಕ್ಕೆ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯ ಪುಣ್ಯಾತ್ಮನೊಬ್ಬ ಮುಕ್ಕಾಲು ಇಂಚಿನ ಸೆನ್ಸರ್ ಕೇಳಿದರೆ ಅರ್ಧ ಇಂಚಿನದ್ದು ಕಳಿಸಿ, ವಾಪಸ್ ಕಳಿಸುವ ಕೊರಿಯರ್ ಖರ್ಚನ್ನೂ ನನ್ನ ಮೇಲೇ ಹಾಕಿದ. ಅದನ್ನು ಖರ್ಚಿಗೆ ಸೇರಿಸಿ ರೇಟು ಏರಿಸಬಹುದು, ಆದರೆ ಗಿರಾಕಿಗೆ ಅದರಿಂದ ಒಂದು ಹನಿ ನೀರೂ ಜಾಸ್ತಿ ಬರುವುದಿಲ್ಲ.

ಇನ್ನೊಂದು ದಾರಿ ವ್ಯಾಲ್ಯೂ ಲೆಕ್ಕ: ಡಬ್ಬಿ ಇಲ್ಲದಿದ್ದರೆ ಆ ಮನೆಯವರು ಏನು ಮಾಡುತ್ತಾರೆ, ಅದಕ್ಕೆ ಎಷ್ಟು ಬೀಳುತ್ತದೆ? ನನ್ನ ನಿಜವಾದ ಪೈಪೋಟಿ ಆಳಿನ ಜೊತೆ. ಒಂದು ಮನೆಯ ಲೆಕ್ಕ ಹೇಳುತ್ತೇನೆ. ವರ್ಷಕ್ಕೆ ಇಪ್ಪತ್ನಾಲ್ಕು ಸಲ ಆಳು ಗುಡ್ಡ ಹತ್ತುತ್ತಾನೆ, ಸಲಕ್ಕೆ ಅರ್ಧ ದಿನದ ಕೂಲಿ 400. ಡಬ್ಬಿಗೆ ಎರಡು ಮಳೆಗಾಲ ಬಾಳಿಕೆ ಅಂದರೆ ಅಷ್ಟರಲ್ಲಿ ಆ ಕೂಲಿಯೇ ಹತ್ತೊಂಬತ್ತು ಸಾವಿರ ದಾಟುತ್ತದೆ. ಆ ರಾತ್ರಿ ನಾನು ಮನಸ್ಸಿನಲ್ಲೇ ಹೊಸ ಆಸಿಲೋಸ್ಕೋಪ್ ಕೊಂಡಾಗಿತ್ತು.

ಆದರೆ ಡಬ್ಬಿ ಎಲೆ ತೆಗೆಯುವುದಿಲ್ಲವಲ್ಲ! ಆ ಇಪ್ಪತ್ನಾಲ್ಕರಲ್ಲಿ ಹತ್ತು ಸಲ ಬರೀ 'ನೋಡಿ ಬಾ' ಅಂತ ಕಳಿಸಿದ್ದು. ಅದು ಪೂರ್ತಿ ಉಳಿತಾಯ, 4,000. ಉಳಿದ ಹದಿನಾಲ್ಕು ಸಲ ಆಳು ಹೋಗಲೇಬೇಕು. ಪೈಪಿನ ಯಾವ ತುಂಡಿನಲ್ಲಿ ತೊಂದರೆ ಅಂತ ಮೊದಲೇ ಗೊತ್ತಾದರೆ ಹುಡುಕುವ ಹೊತ್ತು, ಅಂದರೆ ಅರ್ಧ ಕೂಲಿ ಉಳಿಯುತ್ತದೆ: 2,800. ಬ್ಯಾಟರಿ ಖರ್ಚು 600 ಕಳೆದರೆ ವರ್ಷಕ್ಕೆ 6,200, ಎರಡು ವರ್ಷಕ್ಕೆ 12,400. ಅದರ ಮೇಲೆ ಹೋದರೆ ಕೊಳ್ಳುವವನಿಗೆ ನಷ್ಟ, 5,500ರ ಕೆಳಗೆ ಹೋದರೆ ನನಗೆ. ಖರ್ಚಿನ ಲೆಕ್ಕ ಕೆಲಸಕ್ಕೆ ಬರುವುದು ಈ ತಳ ತೋರಿಸಲಿಕ್ಕೆ ಮಾತ್ರ.

ನಡುವೆ ಎಲ್ಲಿ ನಿಲ್ಲಬೇಕು? 'ಎಷ್ಟು ಕೊಡ್ತೀರಿ' ಅಂತ ಕೇಳಿದರೆ ಸತ್ಯ ಬರುವುದಿಲ್ಲ. ನಾಚಿಕೆಗೆ ಜಾಸ್ತಿ ಹೇಳುತ್ತಾರೆ, ಇಲ್ಲವೇ ಚೌಕಾಸಿಗೆ ಕಡಿಮೆ. ಅದಕ್ಕೆ ಪುಕ್ಕಟೆ ಒಂದು ತಿಂಗಳು ಕೂರಿಸಿ, ಆಮೇಲೆ ಬಿಚ್ಚಲು ಹೋದೆ. ಸ್ಕ್ರೂಡ್ರೈವರ್ ಹೊರಗೆ ತೆಗೆದಾಗ, ಮೇಲೆ ಲೆಕ್ಕ ಹೇಳಿದ ಮನೆಯ ಗೌಡ್ರು, 'ತೆಗೀಬೇಡ ಮಾರಾಯ, ಮಳೆ ಮುಗೀಲಿ' ಅಂದರು. 'ಎಂಟೂವರೆ ಸಾವಿರ ಆಗ್ತದೆ ಗೌಡ್ರೇ.' ಸ್ವಲ್ಪ ಹೊತ್ತು ಅಡಿಕೆ ಜಗಿದರು. 'ಮುಂದಿನ ಮಳೆಗಾಲಕ್ಕೆ ಹಾಕಿದ ದುಡ್ಡು ಹುಟ್ಟುತ್ತಾ?' ಹುಟ್ಟುತ್ತದೆ, ಸುಮಾರು ಹದಿನಾರು ತಿಂಗಳಿಗೆ. ಪಕ್ಕದ ಮನೆಯವರು ಮಾತ್ರ ತಾವೇ ಗುಡ್ಡ ಹತ್ತುವವರು. ಕೈಯಿಂದ ಕಾಸು ಹೋಗದ ಕಾರಣ 'ಬಿಚ್ಚಿಕೊಂಡು ಹೋಗು' ಅಂದರು, ಚಹಾ ಕೊಟ್ಟೇ ಅಂದರು.

ಅಂಥವರಿಗಾಗಿ ರೇಟು ಇಳಿಸಿದರೆ ಗೌಡ್ರಿಗೆ ಸೊಸೈಟಿಯ ಜಗಲಿಯಲ್ಲೇ ಗೊತ್ತಾಗುತ್ತದೆ. ಒಂದೇ ಡಬ್ಬಿಗೆ ಎರಡು ರೇಟು ಊರಲ್ಲಿ ನಡೆಯುವುದಿಲ್ಲ. ಕಣ್ಣಿಗೆ ಕಾಣುವ ವ್ಯತ್ಯಾಸ ಬೇಕು. ಅದಕ್ಕೆ ಒಂದೇ ಸೆನ್ಸರಿನ, ನೀರು ನಿಂತರೆ ಬರೀ ಕೂಗುವ ಡಬ್ಬಿ ಬೇರೆ ಮಾಡುತ್ತಿದ್ದೇನೆ, ಕೂರಿಸಿಕೊಳ್ಳುವುದು ಅವರೇ. ಆಗುಂಬೆ ರಸ್ತೆಯ ಹೋಂಸ್ಟೇಯವರಿಗೆ ಟ್ಯಾಂಕಿನ ಮಟ್ಟ, ಫೋನಿಗೆ ಮೆಸೇಜು ಸೇರಿಸಿದ್ದು. ಅತಿಥಿ ಸೋಪು ಹಚ್ಚಿಕೊಂಡು ನಿಂತಾಗ ನೀರು ಹೋದರೆ ಅವರಿಗಾಗುವ ನಷ್ಟ ಆಳಿನ ಕೂಲಿಯಲ್ಲಿ ಅಳೆಯುವಂಥದ್ದಲ್ಲ. ಅದರ ರೇಟು ಇನ್ನೂ ಗೊತ್ತಾಗಿಲ್ಲ, ಬಿಚ್ಚಲು ಹೋದಾಗ ನೋಡೋಣ.

ಅಂದಹಾಗೆ, ಅಡಿಕೆ ಬೇಯಿಸುವ ಹಂಡೆಯ ಚೊಗರು ಎಷ್ಟು ಗಟ್ಟಿಯಾಗಿದೆ ಅಂತ ಬೆಳಕು ಹಾಯಿಸಿ ಅಳೆಯುವ ಯೋಚನೆ ಬಂದಿದೆ. ಎಲ್‌ಇಡಿ, ಫೋಟೋಡಯೋಡ್ ತಂದಿಟ್ಟಾಗಿದೆ. ಕುದಿಯುವ ಚೊಗರಿಗೆ ಗಾಜು ಕಂದದಂತೆ ಮಾಡುವುದು ಹೇಗೆ, ಗೊತ್ತಿದ್ದವರು ಹೇಳಿ.

ಸದ್ಯಕ್ಕೆ ದೊಡ್ಡ ಡಬ್ಬಿ 8,500, ಕೂರಿಸಿಕೊಟ್ಟು. ಸಿಡಿಲು ಬಡಿದರೆ ಗ್ಯಾರಂಟಿ ಇಲ್ಲ.